ಮಾರಾಟದ ಹಿಂದಿನ ರಾತ್ರಿ

ಹಬ್ಬದ ರಿಯಾಯಿತಿ ಮಾರಾಟಕ್ಕೆ ಒಂದೇ ರಾತ್ರಿ ಉಳಿದಿತ್ತು. ಹೊಸ ದರಗಳನ್ನೆಲ್ಲ ಬಿಲ್ಲಿಂಗ್ ಕಂಪ್ಯೂಟರಿಗೆ ತುಂಬಿ, ಎಂದೂ ಇಲ್ಲದ ಎಚ್ಚರಿಕೆಯಿಂದ ಪೆನ್‌ಡ್ರೈವಿಗೂ ಒಂದು ಪ್ರತಿ ಇಳಿಸಿ, ಯಂತ್ರ ಆರಿಸಿ ಊಟಕ್ಕೆ ಹೋಗಿದ್ದ ಯಜಮಾನರು ಮರಳಿ ಬಂದು ಗುಂಡಿ ಒತ್ತಿದಾಗ ಫ್ಯಾನು ತಿರುಗಿತೇ ಹೊರತು ಎಂದಿನ ಪರದೆ ಮೂಡಲಿಲ್ಲ.

```
Remove disks or other media.
Press any key to restart
```

ಹಾರ್ಡ್ ಡಿಸ್ಕೇ ಹೋಯಿತೆಂದು ಅವರ ಎದೆ ಧಸಕ್ಕೆಂದಿತು. ಕೀಲಿ ಒತ್ತಿದರೆ ಮತ್ತೆ ಅವೇ ಎರಡು ಸಾಲುಗಳು. ರಿಪೇರಿಯವನು ಫೋನ್ ಎತ್ತಲಿಲ್ಲ. ಹಬ್ಬದ ಮುನ್ನಾದಿನ ಅಷ್ಟು ಹೊತ್ತಿನಲ್ಲಿ ಯಾರು ತಾನೇ ಎತ್ತುತ್ತಾರೆ?

ಕಪಾಟಿನ ಮೂಲೆಯಿಂದ ಹಳೆಯ ಬಿಲ್ ಪುಸ್ತಕ ಹೊರಬಂತು. ಕಾರ್ಬನ್ ಹಾಳೆ ಒಣಗಿ ಸುರುಟಿಕೊಂಡಿತ್ತು, ಆದರೂ ಬೆರಳಿಗೆ ನೀಲಿ ಮೆತ್ತಿತು. ದರಪಟ್ಟಿಯನ್ನು ನೆನಪಿನಿಂದಲೇ ಬರೆಯತೊಡಗಿದ ಅವರು ಒಂದು ಪುಟ ಮುಗಿಯುವುದರೊಳಗೆ ತಡವರಿಸಿದರು. ಆಗ ಪೆನ್‌ಡ್ರೈವ್ ನೆನಪಾಯಿತು. ಮಗಳ ಲ್ಯಾಪ್‌ಟಾಪಿನಲ್ಲಾದರೂ ದರ ನೋಡಿಕೊಳ್ಳೋಣವೆಂದು ಮೇಜಿನಡಿ ಬಗ್ಗಿ, ಸಿಪಿಯುವಿನ ಹಿಂಬದಿಗೆ ಸಿಕ್ಕಿಸಿದ್ದ ಅದನ್ನು ಕಿತ್ತು ಅವಳ ಕೈಗಿಟ್ಟರು.

"ಇದು ಅಲ್ಲೇ ಇತ್ತಾ ಅಪ್ಪಾ? ಈಗೊಮ್ಮೆ ಆನ್ ಮಾಡಿ ನೋಡಿ. ಅದು ಹಾರ್ಡ್ ಡಿಸ್ಕ್ ಬಿಟ್ಟು ಇದರಲ್ಲೇ ವಿಂಡೋಸ್ ಹುಡುಕುತ್ತಿದ್ದಿರಬೇಕು."

ಪರದೆ ಬೆಳಗಿತು. ಅವರು ಮಾತಾಡದೆ, ನೀಲಿ ಬೆರಳುಗಳಿಂದಲೇ ಪಾಸ್‌ವರ್ಡ್ ಒತ್ತತೊಡಗಿದರು.