ಅಜ್ಜಿಯ ಮಾತ್ರೆ ಚೀಟಿ

ಮೈಸೂರು
ಜೂನ್ 29, 2025, ಭಾನುವಾರ

ಅಜ್ಜಿ,

ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಅಕ್ಷರ ಬೇಕಂತಲೇ ದಪ್ಪಕ್ಕೆ ಬರೆದೆ. ಕಳಿಸುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ, ಅವರು ಸರಿ ಅಂದರು. ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ, ಅದರ ಪಕ್ಕ ಅಂಟಿಸಿ. ಹಳೇ ಚೀಟಿಗಳನ್ನೆಲ್ಲ ಚಿಕ್ಕಮ್ಮನ ಕೈಗೆ ಕೊಟ್ಟುಬಿಡಿ. ಎರಡೆರಡು ಚೀಟಿ ಇದ್ದರೆ ಗೊಂದಲ.

ಮೊದಲು ಒಂದು ವಿಷಯ. ಹೋದ ತಿಂಗಳು ಸಕ್ಕರೆ ಮಾತ್ರೆ ಹದಿನೈದು ದಿನ ನುಂಗಲೇ ಇಲ್ಲ ನೀವು. ಪಕ್ಕದ ಮನೆ ಹುಡುಗ ಚೀಟಿ ನೋಡಿ "ಬಿ.ಡಿ." ಅಂತ ಓದಿದ, ನೀವು "ಡಾಕ್ಟರೇ ಬಿಡಿ ಅಂದಿದ್ದಾರೆ" ಅಂತ ಬಿಟ್ಟಿರಿ. ನಿಮ್ಮದು ತಪ್ಪಲ್ಲ ಬಿಡಿ! ಆದರೆ ಬಿ.ಡಿ. ಅಂದರೆ ದಿನಕ್ಕೆ ಎರಡು ಸಲ ಅಂತ ಅರ್ಥ. ಓ.ಡಿ. ಅಂದರೆ ದಿನಕ್ಕೆ ಒಂದು ಸಲ. ಎಸ್.ಓ.ಎಸ್. ಅಂದರೆ ಬೇಕಾದಾಗ ಮಾತ್ರ. ಕೆಲವು ಕಡೆ 1-0-1 ಅಂತಲೂ ಬರೆದಿರುತ್ತಾರೆ. ಅದು ನೂರಾ ಒಂದಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ. ಇನ್ನು ಮೇಲೆ ಇವನ್ನೆಲ್ಲ ಯಾರ ಹತ್ತಿರವೂ ಓದಿಸಬೇಡಿ. ಈ ಹಾಳೆ ಒಂದೇ ಸಾಕು.

ಮಾತ್ರೆಗಳನ್ನು ಆರು ಕವರಿನಲ್ಲಿ ಹಾಕಿದ್ದೇನೆ. ಕವರಿನ ಮೇಲೆ ದೊಡ್ಡದಾಗಿ 1, 2, 3 ಅಂತ ಬರೆದಿದ್ದೇನೆ. ಬಾಟ್ಲಿಯ ಮೇಲೆ ಕೆಂಪು ದಾರ ಕಟ್ಟಿದ್ದೇನೆ. ನಂಬರ್ ನೋಡಿಯೇ ತೆಗೆಯಿರಿ. ಮಾತ್ರೆಯ ಬಣ್ಣ ನಂಬಬೇಡಿ. ಮುಂದಿನ ಸಲ ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟರೆ ಅದೇ ಔಷಧಿ ಬೇರೆ ಬಣ್ಣದಲ್ಲಿ ಬರುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ: ಕೆಂಪು ದಾರದ ಬಾಟ್ಲಿ

ಇದು ಥೈರಾಯ್ಡ್ ಮಾತ್ರೆ. ಹೆಸರು ಲೆವೋಥೈರಾಕ್ಸಿನ್, 50 ಮೈಕ್ರೋಗ್ರಾಂ. ಮುಖ ತೊಳೆದು, ಒಂದು ಮಾತ್ರೆಯನ್ನು ಬರಿ ನೀರಿನಲ್ಲಿ ನುಂಗಿ. ಆಮೇಲೆ ಒಂದು ಗಂಟೆ ಏನೂ ಬೇಡ.

ಏನೂ ಬೇಡ ಅಂದರೆ ಕಾಫಿಯೂ ಬೇಡ ಅಜ್ಜಿ. "ಖಾಲಿ ಹೊಟ್ಟೆಯಲ್ಲೇ ತಗೊಂಡೆ" ಅಂದಿರಿ. ಕೇಳಿದರೆ ಬೆಲ್ಲದ ಕಾಫಿ ಜೊತೆ ನುಂಗಿದ್ದೀರಿ! ನಮ್ಮ ಕಡೆ ಕಾಫಿಯನ್ನು ಯಾರೂ ತಿಂಡಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನಗೂ ಗೊತ್ತು. ಆದರೆ ಈ ಮಾತ್ರೆಗೆ ಕಾಫಿ ಆಗುವುದಿಲ್ಲ. ಕಾಫಿ ಜೊತೆ ಹೋದರೆ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಆರು ಗಂಟೆಗೆ ಮಾತ್ರೆ, ಏಳಕ್ಕೆ ಕಾಫಿ. ಅಷ್ಟರಲ್ಲಿ ಒಲೆ ಹಚ್ಚಿ, ಹಸುವಿನ ಕೆಲಸ ಮುಗಿಸಿ. ಕಾಫಿ ಬೆಲ್ಲದ್ದಲ್ಲದಿದ್ದರೆ ಡಾಕ್ಟರಿಗೆ ಇನ್ನೂ ಖುಷಿ. ಅದನ್ನು ನಾನು ಹೇಳಿದರೆ ನೀವು ಕೇಳುವುದಿಲ್ಲ, ಅದಕ್ಕೆ ಅವರ ಹೆಸರಿನಲ್ಲೇ ಬರೆದೆ.

ಬೆಳಿಗ್ಗೆ ತಿಂಡಿ ಆದ ಕೂಡಲೇ: ಕವರ್ 1 ಮತ್ತು ಕವರ್ 2

ಕವರ್ 1 ಬಿ.ಪಿ. ಮಾತ್ರೆ. ಅಮ್ಲೋಡಿಪಿನ್, 5 ಮಿಲಿಗ್ರಾಂ. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಒಂದು. ಬಿ.ಪಿ. ಸರಿಯಿದೆ ಅಂತ ನರ್ಸಮ್ಮ ಹೇಳಿದರೂ ನಿಲ್ಲಿಸಬೇಡಿ. ಮಾತ್ರೆ ನುಂಗುತ್ತಿರುವುದಕ್ಕೇ ಅದು ಸರಿಯಿರುವುದು. ಕೂತಲ್ಲಿಂದ ಎದ್ದಾಗ ತಲೆ ಸುತ್ತಿದರೆ ನಿಧಾನಕ್ಕೆ ಏಳಿ. ಎರಡೂ ಪಾದದ ಗಂಟಿನ ಹತ್ತಿರ ಊದಿಕೊಂಡರೆ ನನಗೆ ಹೇಳಿ. ಈ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದೆ.

ಕವರ್ 2 ಸಕ್ಕರೆ ಮಾತ್ರೆ. ಮೆಟ್‌ಫಾರ್ಮಿನ್ ಎಸ್.ಆರ್., 500 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು. ದಿನಕ್ಕೆ ಒಟ್ಟು ಎರಡು. "ಎರಡು ಸಲ" ಅಂದಿದ್ದು, "ಎರಡೆರಡು" ಅಲ್ಲ.

ಡಾಕ್ಟರು "ಊಟ ಆದ ಮೇಲೆ" ಅಂದಿದ್ದಾರೆ. ನಿಮಗೆ ಊಟ ಅಂದರೆ ಅನ್ನ. ಅವರ ಲೆಕ್ಕದಲ್ಲಿ ಬೆಳಿಗ್ಗೆಯ ಅಕ್ಕಿ ರೊಟ್ಟಿಯೂ ಊಟವೇ, ಕಡುಬೂ ಊಟವೇ, ಉಪ್ಪಿಟ್ಟೂ ಊಟವೇ. ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಬಿದ್ದಿರಬೇಕು ಅಷ್ಟೇ. ಸೋಮವಾರ ಒಪ್ಪತ್ತು ಮಾಡುತ್ತೀರಲ್ಲ, ಅವತ್ತು ರಾತ್ರಿ ಅವಲಕ್ಕಿ, ಬಾಳೆಹಣ್ಣು ತಿಂದರೆ ಮಾತ್ರೆ ನುಂಗಿ. ಏನೂ ತಿನ್ನದಿದ್ದರೆ ಆ ಹೊತ್ತಿನ ಸಕ್ಕರೆ ಮಾತ್ರೆ ಬಿಡಿ. ಇಲ್ಲಿ ಮಾತ್ರ ನಿಜವಾಗಿಯೂ ಬಿಡಿ.

ಮಾತ್ರೆ ದೊಡ್ಡದಿದೆ, ಗಂಟಲಲ್ಲಿ ಇಳಿಯುವುದಿಲ್ಲ ಅಂತ ಕುಟ್ಟಿ ಪುಡಿ ಮಾಡಿದಿರಂತೆ. ಬೇಡ. ಎಸ್.ಆರ್. ಮಾತ್ರೆ ಹೊಟ್ಟೆಯಲ್ಲಿ ನಿಧಾನಕ್ಕೆ ಬಿಡುವ ಹಾಗೆ ಮಾಡಿದ್ದು. ಕುಟ್ಟಿದರೆ ಒಂದೇ ಸಲ ಹೊಟ್ಟೆಗೆ ಬಿಟ್ಟುಕೊಳ್ಳುತ್ತದೆ. ಇಡೀ ಮಾತ್ರೆಯನ್ನೇ ತುಂಬು ಲೋಟ ನೀರಿನಲ್ಲಿ ನುಂಗಿ. ಆಗಲೇ ಇಲ್ಲ ಅಂದರೆ ಹೇಳಿ, ಡಾಕ್ಟರನ್ನು ಕೇಳಿ ಬೇರೆ ಬರೆಸೋಣ.

ಮಧ್ಯಾಹ್ನ ಊಟ ಆದ ಮೇಲೆ: ಕವರ್ 3

ಮೂಳೆಗೆ ಕ್ಯಾಲ್ಸಿಯಂ ಮಾತ್ರೆ. ದಿನಕ್ಕೆ ಒಂದೇ. ಮಧ್ಯಾಹ್ನವೇ ತಗೊಳ್ಳಿ, ಬೆಳಿಗ್ಗೆ ಬೇಡ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕಡಿಮೆ ಅಂದರೂ ನಾಲ್ಕು ಗಂಟೆ ದೂರ ಇರಬೇಕು. ಹತ್ತಿರ ಬಂದರೆ ಕ್ಯಾಲ್ಸಿಯಂ ಆ ಮಾತ್ರೆಯನ್ನು ಮೈಗೆ ಹಿಡಿಯಲು ಬಿಡುವುದಿಲ್ಲ.

ಇದರ ಮೇಲೂ 500 ಅಂತ ಇದೆ, ಸಕ್ಕರೆ ಮಾತ್ರೆ ಮೇಲೂ 500 ಅಂತ ಇದೆ. ಎರಡೂ ಬಿಳಿ, ಎರಡೂ ದೊಡ್ಡದು. 500 ಅನ್ನುವುದು ತೂಕ ಅಷ್ಟೇ, ಮಾತ್ರೆಯ ಹೆಸರಲ್ಲ. ಸಂತೆಯಲ್ಲಿ ಅರ್ಧ ಕೆಜಿ ಈರುಳ್ಳಿ, ಅರ್ಧ ಕೆಜಿ ಬೆಲ್ಲ ತರುವುದಿಲ್ಲವಾ, ಹಾಗೆ. ಅದಕ್ಕೇ ಇವೆರಡನ್ನೂ ಒಂದೇ ಕವರಿಗೆ ಯಾವತ್ತೂ ಹಾಕಬೇಡಿ.

ರಾತ್ರಿ ಊಟ ಆದ ಮೇಲೆ: ಕವರ್ 2 ಮತ್ತು ಕವರ್ 4

ಕವರ್ 2 ಅದೇ ಸಕ್ಕರೆ ಮಾತ್ರೆ, ಇನ್ನೊಂದು. ಕವರ್ 4 ಕೊಲೆಸ್ಟ್ರಾಲ್ ಮಾತ್ರೆ, ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ, ಒಂದು. ಕಾರಣ ಇಲ್ಲದೆ ತೊಡೆ, ತೋಳು ಜಾಸ್ತಿ ನೋಯಲು ಶುರುವಾದರೆ ಡಾಕ್ಟರಿಗೆ ಹೇಳಬೇಕು. ತೋಟದಲ್ಲಿ ದಿನವಿಡೀ ಓಡಾಡಿ ಬಂದ ನೋವು ಇದಕ್ಕೆ ಸೇರಿಲ್ಲ, ಅದು ನಿಮಗೇ ಗೊತ್ತಾಗುತ್ತದೆ.

ಕರೆಂಟ್ ಹೋಗಿದ್ದರೆ ಕತ್ತಲಲ್ಲಿ ತಡಕಾಡಿ ನುಂಗಬೇಡಿ. ಟಾರ್ಚ್ ಹಾಕಿ, ನಂಬರ್ ನೋಡಿ, ಆಮೇಲೆ ಬಾಯಿಗೆ.

ವಾರಕ್ಕೆ ಒಂದೇ ಸಲ, ಸಂತೆ ದಿನ: ಕವರ್ 5

ಇದನ್ನು ಎರಡು ಸಲ ಓದಿ.

ಇದು ಪುಡಿ, ಸಣ್ಣ ಪೊಟ್ಟಣದಲ್ಲಿದೆ. ಡಿ3 ವಿಟಮಿನ್, 60,000 ಯೂನಿಟ್. ದಿನಾ ಅಲ್ಲ. ವಾರಕ್ಕೆ ಒಂದೇ ಪೊಟ್ಟಣ. ಮರೆಯದೆ ಇರಲಿ ಅಂತ ಶನಿವಾರ ಇಟ್ಟಿದ್ದೇನೆ. ಶನಿವಾರಸಂತೆಯಲ್ಲಿ ಸಂತೆ ಯಾವತ್ತು ಅಂತ ನಿಮಗೆ ಯಾರೂ ನೆನಪಿಸಬೇಕಾಗಿಲ್ಲ. ಸಂತೆಯಿಂದ ಬಂದು ಊಟ ಆದ ಮೇಲೆ ಒಂದು ಲೋಟ ಹಾಲಿಗೆ ಪುಡಿ ಹಾಕಿ ಕದಡಿ ಕುಡಿಯಿರಿ. ಸಕ್ಕರೆ ಹಾಕಬೇಡಿ.

ಒಟ್ಟು ಎಂಟು ಪೊಟ್ಟಣ, ಎಂಟು ಶನಿವಾರ. ಜುಲೈ 5, 12, 19, 26, ಆಗಸ್ಟ್ 2, 9, 16, 23. ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಚಿಕ್ಕಮ್ಮ ನೀಲಿ ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಕುಡಿದ ಮೇಲೆ ಅದರ ಮೇಲೆ ನೀವೇ ಒಂದು ಗೀಟು ಎಳೆಯಿರಿ. ಗೀಟು ಇದ್ದರೆ ಆ ವಾರದ್ದು ಮುಗಿಯಿತು. ಎಂಟಾದ ಮೇಲೆ ಅಂಗಡಿಯಿಂದ ಮತ್ತೆ ತರಿಸಬೇಡಿ. ಶಕ್ತಿಗೆ ಒಳ್ಳೆಯದು ಅಂತ ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿ ವಾಂತಿ, ಸುಸ್ತು, ತಲೆ ಮಂಕು ಆಗುತ್ತದೆ. ಆಸ್ಪತ್ರೆಗೆ ಸೇರಬೇಕಾಗಬಹುದು.

ಮಂಡಿ ನೋವು ತಡೆಯಲಾಗದಿದ್ದರೆ ಮಾತ್ರ: ಕವರ್ 6

ಪ್ಯಾರಾಸಿಟಮಾಲ್, 650 ಮಿಲಿಗ್ರಾಂ. ನೋವು ಇಲ್ಲದ ದಿನ ಮುಟ್ಟಲೇಬೇಡಿ. ನೋವಿದ್ದರೆ ಒಂದು. ಮತ್ತೆ ಬೇಕಾದರೆ ಆರು ಗಂಟೆ ಕಳೆಯಬೇಕು. ಒಂದು ದಿನಕ್ಕೆ ಮೂರರ ಮೇಲೆ ಬೇಡ. ನೆಗಡಿಗೆ ಅಂತ ಅಂಗಡಿಯಲ್ಲಿ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಇದೇ ಔಷಧಿ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ, ಲಿವರಿಗೆ ಪೆಟ್ಟು. ಮೇಲಿನ ಮನೆಯವರು ಕೊಡುವ "ಒಳ್ಳೇ ನೋವಿನ ಮಾತ್ರೆ"ಯೂ ಬೇಡ. ಅಂಥ ಮಾತ್ರೆಗಳಲ್ಲಿ ಕೆಲವು ಬಿ.ಪಿ. ಏರಿಸುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ.

ಮರೆತುಹೋದರೆ

ಅದೇ ದಿನ ಬೇಗ ನೆನಪಾದರೆ ನುಂಗಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಹೋದದ್ದು ಹೋಯಿತು. ಹಳೇ ಬಾಕಿ ತೀರಿಸುವ ಹಾಗೆ ಎರಡು ಒಟ್ಟಿಗೆ ನುಂಗಬೇಡಿ. ನುಂಗಿದೆನೋ ಇಲ್ಲವೋ ಅಂತ ಅನುಮಾನ ಬಂದರೂ ಮತ್ತೊಂದು ನುಂಗಬೇಡಿ. ಆ ಹೊತ್ತಿಗೆ ಸುಮ್ಮನಿರಿ, ಸಂಜೆ ನನಗೆ ಹೇಳಿ.

ಮಳೆಗಾಲಕ್ಕೆ

ಕವರುಗಳನ್ನು ಒಲೆ ಮೇಲಿನ ಹಲಗೆಯಲ್ಲಿ ಇಡಬೇಡಿ. ಅಲ್ಲಿ ಬಿಸಿ, ಕಿಟಕಿ ಹತ್ತಿರ ತೇವ. ಬಿಸ್ಕತ್ ಡಬ್ಬ ಒಂದನ್ನು ಒರೆಸಿ ಒಣಗಿಸಿ ಅದರೊಳಗೆ ಇಟ್ಟು ಮಲಗುವ ಕೋಣೆಯ ಬೀರುವಿನಲ್ಲಿಡಿ. ಮಾತ್ರೆಗಳನ್ನು ಮೊದಲೇ ಶೀಟಿನಿಂದ ಬಿಡಿಸಿ ಇಡಬೇಡಿ, ತೇವಕ್ಕೆ ಹಾಳಾಗುತ್ತವೆ. ಬಾಟ್ಲಿಯ ಮುಚ್ಚಳ ಪ್ರತಿ ಸಲವೂ ಬಿಗಿ ಮಾಡಿ. ಹದಿನೈದು ದಿನದ ಮಾತ್ರೆ ಉಳಿದಿರುವಾಗಲೇ ಹೇಳಿ. ಮರ ಬಿದ್ದು ರಸ್ತೆ ನಿಂತರೆ ಪೇಟೆಗೆ ಹೋಗಲಾಗುವುದಿಲ್ಲ. ಹೊಸದು ತರುವಾಗ ಹಳೇ ಶೀಟ್ ತೋರಿಸಿ ತರಲು ಹೇಳಿ. ಬಂದ ಮೇಲೆ ಕವರಿಗೆ ಹಾಕುವುದು ಚಿಕ್ಕಮ್ಮನ ಕೆಲಸ, ನೀವು ಹಾಕಬೇಡಿ.

ಆಟಿ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡೇ ಮಾಡುತ್ತೀರಿ. ಸ್ವಲ್ಪ ತಿನ್ನಿ, ಬೆಲ್ಲ ಇದೆಯಲ್ಲ. ಮಾರನೇ ದಿನ ಮೂತ್ರ ಕೆಂಪಗಾದರೆ ಅದು ಸೊಪ್ಪಿನ ಬಣ್ಣ. ಮಾತ್ರೆ ಮೇಲೆ ಗೂಬೆ ಕೂರಿಸಿ ನಿಲ್ಲಿಸಬೇಡಿ.

ತಡಮಾಡದೆ ಹೇಳಬೇಕಾದದ್ದು

ವಾಂತಿ, ಭೇದಿ ಶುರುವಾಗಿ ಊಟ ನೀರು ನಿಲ್ಲದಿದ್ದರೆ ಸಕ್ಕರೆ ಮಾತ್ರೆ ಅವತ್ತು ಬೇಡ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿಸಿ. ಎದೆ ಒತ್ತಿದ ಹಾಗಾದರೆ, ಮಾತು ತೊದಲಿದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಕೈ ಕಾಲು ಒಂದು ಕಡೆ ಬಲ ಕಳಕೊಂಡರೆ 108ಕ್ಕೆ ಫೋನ್ ಮಾಡಿಸಿ. ನನಗೆ ಆಮೇಲೆ. "ಅವಳು ಕೆಲಸದಲ್ಲಿರ್ತಾಳೆ, ಸುಮ್ನೆ ತೊಂದ್ರೆ ಯಾಕೆ" ಅಂತ ಬೆಳಗಿನ ತನಕ ಕಾಯಬೇಡಿ.

ಈ ಚೀಟಿಯನ್ನು ಶನಿವಾರ ರಾತ್ರಿ ಫೋನಿನಲ್ಲಿ ನನಗೆ ಒಂದು ಸಲ ಓದಿ ಹೇಳಿ. ಓದುವುದಕ್ಕಿಂತ, ಯಾವ ಹೊತ್ತಿಗೆ ಯಾವ ಕವರ್ ಅಂತ ನಿಮ್ಮ ಮಾತಿನಲ್ಲೇ ಹೇಳಿದರೆ ಇನ್ನೂ ಒಳ್ಳೆಯದು. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಾನು ಬರೆದದ್ದು ಸರಿಯಿಲ್ಲ ಅಂತ ಲೆಕ್ಕ. ತಿದ್ದಿ ಬೇರೆ ಹಾಳೆ ಕಳಿಸುತ್ತೇನೆ.

ನಿಮ್ಮ ಮೊಮ್ಮಗಳು