ತಂದೆಯ ಜಮೀನಿನ ಖಾತೆ ವಿಚಾರವಾಗಿ ಭೇಟಿಗೆ ಸಮಯ ಕೋರಿ ವಕೀಲರ ಕಚೇರಿಗೆ ಪತ್ರ

ಅರಸೀಕೆರೆ
ದಿನಾಂಕ: 10-06-2024

ಗೆ,
ಶ್ರೀ ನಂಜುಂಡಯ್ಯನವರು, ವಕೀಲರು,
ತಿಪಟೂರು.

ಮಾನ್ಯರೇ,

ವಿಷಯ: ನನ್ನ ತಂದೆಯ ಹೆಸರಿನಲ್ಲಿರುವ ಜಮೀನಿನ ಖಾತೆ ಬದಲಾವಣೆಗೆ ತಕರಾರು ಸಲ್ಲಿಸುವ ಬಗ್ಗೆ ತಮ್ಮ ಸಲಹೆ ಕೋರಿ.

ತಿಪಟೂರು ತಾಲ್ಲೂಕು ನೊಣವಿನಕೆರೆ ಹೋಬಳಿಯ ನಮ್ಮ ಊರಿನಲ್ಲಿ ತಂದೆಯವರ ಹೆಸರಿನಲ್ಲಿರುವ ಜಮೀನುಗಳನ್ನು ತನ್ನೊಬ್ಬನ ಹೆಸರಿಗೆ ಖಾತೆ ಮಾಡಿಕೊಡುವಂತೆ ನನ್ನ ತಮ್ಮನು ಅರ್ಜಿ ಹಾಕಿದ್ದು, ಅದಕ್ಕೆ ತಕರಾರಿದ್ದರೆ 30 ದಿನಗಳೊಳಗೆ ಸಲ್ಲಿಸಬೇಕೆಂಬ ನೋಟಿಸು ಮೇ 28ರಂದು ಹೊರಟಿದೆ. ಅಂದರೆ ಈ ತಿಂಗಳ 27ಕ್ಕೆ ಗಡುವು ಮುಗಿಯುತ್ತದೆ. ಆದ್ದರಿಂದ ಬರುವ ಶನಿವಾರ, 15ನೇ ತಾರೀಖು, ಕೋರ್ಟಿನ ಕೆಲಸ ಮುಗಿದ ಮೇಲೆ ಸಂಜೆ 5ರ ಸುಮಾರಿಗೆ ತಮ್ಮನ್ನು ಕಾಣಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಸೋಮವಾರ ಬಕ್ರೀದ್ ರಜೆ ಇರುವುದರಿಂದ, ಶನಿವಾರ ಆಗದಿದ್ದರೆ ಮಂಗಳವಾರ 18ರ ಸಂಜೆ ಆದರೂ ಆದೀತು. ಅದಕ್ಕಿಂತ ತಡವಾದರೆ ತಕರಾರು ಅರ್ಜಿ ಬರೆಸುವುದಕ್ಕೆ ಸಮಯ ಸಾಲದೆಂಬ ಆತಂಕ ನನಗಿದೆ.

ವಿಚಾರವನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ತಂದೆಯವರು 2019ರ ಫೆಬ್ರವರಿಯಲ್ಲಿ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ತಾಯಿ ಇದ್ದಾರೆ, ತಮ್ಮನ ಜೊತೆಯಲ್ಲಿಯೇ ವಾಸವಾಗಿದ್ದಾರೆ. ಮಕ್ಕಳಲ್ಲಿ ನಾನು ಹಿರಿಯಳು, ನನ್ನ ನಂತರ ತಂಗಿ, ಕೊನೆಯವನು ತಮ್ಮ. ಜಮೀನು ಎರಡು ಬಗೆಯದು: ತಾತನಿಂದ ಬಂದ 3 ಎಕರೆ 12 ಗುಂಟೆ ತೆಂಗಿನ ತೋಟ, ಮತ್ತು ತಂದೆಯವರೇ 1986ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡ 1 ಎಕರೆ 20 ಗುಂಟೆ ಖುಷ್ಕಿ ಜಮೀನು. 1998ರಲ್ಲಿಯೇ ತಂದೆಗೂ ತನಗೂ ಪಾಲಾಗಿ ಪಾಲುಪಟ್ಟಿ ಬರೆದುಕೊಂಡಾಗಿದೆ ಎಂಬುದು ತಮ್ಮನ ವಾದ. ಆ ಪತ್ರ ನೋಂದಣಿಯಾಗಿಲ್ಲ, ಅದರಲ್ಲಿ ಹೆಣ್ಣುಮಕ್ಕಳ ಸಹಿಯೂ ಇಲ್ಲ. ಅಷ್ಟೇ ಅಲ್ಲದೆ ಪಾಲಾಗಿದೆ ಎನ್ನುವ ಆ ವರ್ಷದಿಂದ ಇಂದಿನವರೆಗೂ ಪಹಣಿಯಲ್ಲಿ ತಂದೆಯವರ ಹೆಸರೇ ಮುಂದುವರಿದಿದೆ. ಕಳೆದ ತಿಂಗಳು ಒಂದು ಕಾಗದಕ್ಕೆ ತಾಯಿಯ ಹೆಬ್ಬೆಟ್ಟು ಪಡೆದಿದ್ದಾರೆಂದು ತಂಗಿಗೆ ತಿಳಿದುಬಂದಿದೆ. ಅದರಲ್ಲಿ ಏನು ಬರೆದಿದೆ ಎಂಬುದನ್ನು ತಾಯಿಯೂ ಹೇಳಲಾರರು.

ನನ್ನ ಮದುವೆ 1991ರಲ್ಲಿ, ತಂಗಿಯ ಮದುವೆ 1997ರಲ್ಲಿ ಆಯಿತು. 1994ರ ಕರ್ನಾಟಕ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ತಂಗಿ ಕೇಳಿದರೂ ಕೇಳಬಹುದು, ನನಗಂತೂ ಹಕ್ಕೇ ಇಲ್ಲವೆಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಆದರೆ 2005ರ ಕೇಂದ್ರ ತಿದ್ದುಪಡಿಯಲ್ಲಿ ಅಂಥ ಭೇದವಿಲ್ಲವೆಂದೂ, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಹೇಳಿದೆಯೆಂದೂ ಓದಿದ್ದೇನೆ. ನಮ್ಮ ಸಂದರ್ಭಕ್ಕೆ ಇದು ಹೇಗೆ ಅನ್ವಯಿಸುತ್ತದೆ, ತೋಟಕ್ಕೂ ತಂದೆಯವರ ಸ್ವಯಾರ್ಜಿತ ಜಮೀನಿಗೂ ಪಾಲಿನ ಲೆಕ್ಕ ಬೇರೆಯೇ, ತಾಯಿಯ ಪಾಲೆಷ್ಟು ಎಂಬುದನ್ನು ತಮ್ಮಿಂದಲೇ ತಿಳಿಯಬೇಕಾಗಿದೆ. ಮೊದಲು ತಕರಾರು ಸಲ್ಲಿಸಿ ಖಾತೆಯನ್ನು ತಡೆಯುವುದೇ, ಅದರೊಂದಿಗೇ ಪಾಲಿನ ದಾವೆಯನ್ನೂ ಹೂಡಬೇಕೇ, ಜಮೀನು ಪರಭಾರೆಯಾಗದಂತೆ ತಡೆಯಾಜ್ಞೆ ಬೇಕಾದೀತೇ ಎಂಬುದು ಮುಖ್ಯವಾದ ಪ್ರಶ್ನೆ. ಕೋರ್ಟು ಕಟ್ಟೆ ಹತ್ತಲೇಬೇಕೆಂಬ ಹಟ ನಮ್ಮಿಬ್ಬರಿಗೂ ಇಲ್ಲ. ವಾಸದ ಮನೆಯನ್ನು ತಮ್ಮನಿಗೇ ಬಿಟ್ಟು ರಾಜಿಗೆ ಬರಲು ಸಿದ್ಧರಿದ್ದೇವೆ. ಆದರೆ ತಾಯಿಯ ಜೀವನಾಂಶದ ಮಾತು ಬರವಣಿಗೆಯಲ್ಲಿ ಬಾರದ ಹೊರತು ನಾನು ಯಾವ ರಾಜಿಗೂ ಸಹಿ ಹಾಕುವುದಿಲ್ಲ.

ಬರುವಾಗ ತರುವ ಕಾಗದಗಳು ಇವು:

ಖಾತೆ ಬದಲಾವಣೆಯ ನೋಟಿಸು;
ಎರಡೂ ಜಮೀನುಗಳ ಇತ್ತೀಚಿನ ಪಹಣಿ ಮತ್ತು ಮ್ಯುಟೇಷನ್ ಪ್ರತಿ;
1986ರ ಕ್ರಯಪತ್ರದ ದೃಢೀಕೃತ ನಕಲು;
ತಂದೆಯವರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ;
ಪಾಲುಪಟ್ಟಿಯ ಜೆರಾಕ್ಸ್ (ಮೂಲ ತಮ್ಮನ ಬಳಿ ಇದೆ; ನಮ್ಮಲ್ಲಿರುವುದು ಮಸುಕಾಗಿದೆ, ಸಾಕ್ಷಿಗಳ ಸಹಿ ಮಾತ್ರ ಓದಬರುತ್ತದೆ);
ನನ್ನ ಮತ್ತು ತಂಗಿಯ ಆಧಾರ್, ಶಾಲಾ ವರ್ಗಾವಣೆ ಪತ್ರ, ಮದುವೆಯ ಆಮಂತ್ರಣ ಪತ್ರಿಕೆಗಳು.

ತಾತನ ಕಾಲದ ಕೈಬರಹದ ಪಹಣಿಗಳಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಹಾಕಿದ್ದು ಇನ್ನೂ ಕೈಸೇರಿಲ್ಲ. ಋಣಭಾರ ಪ್ರಮಾಣಪತ್ರವನ್ನು ಯಾವ ವರ್ಷದಿಂದ ತೆಗೆಸಬೇಕೆಂದು ತಮ್ಮ ಗುಮಾಸ್ತರು ಮುಂಚೆಯೇ ತಿಳಿಸಿದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದನ್ನೂ ಪಡೆದು ತರುತ್ತೇವೆ. ಇವಲ್ಲದೆ ಬೇರೆ ಕಾಗದ ಬೇಕಿದ್ದರೆ, ಹಾಗೂ ಮೊದಲ ಭೇಟಿಯ ಶುಲ್ಕ ಎಷ್ಟೆಂಬುದನ್ನು, ದಯವಿಟ್ಟು ತಿಳಿಸಬೇಕು.

ತಂಗಿ ನನ್ನ ಜೊತೆಗೆ ಬರುತ್ತಾಳೆ. ತಾಯಿಯನ್ನು ಈಗಲೇ ಕರೆತಂದರೆ ಅವರಿಗೆ ಮನೆಯಲ್ಲಿ ತೊಂದರೆಯಾದೀತೆಂದು ಸದ್ಯಕ್ಕೆ ಬಿಟ್ಟು ಬರುತ್ತಿದ್ದೇವೆ. ಈ ಪತ್ರವನ್ನು ತಲುಪಿಸುತ್ತಿರುವವನು ನನ್ನ ಮಗ. ಭೇಟಿಯ ದಿನ ಮತ್ತು ಸಮಯವನ್ನು ಅವನಿಗೆ ತಿಳಿಸಿದರೂ ಸಾಕು. ಇಲ್ಲಿ ಬರೆದ ಸಂಗತಿಗಳು ನನ್ನ ತಮ್ಮನಿಗೆ ಸದ್ಯ ತಿಳಿಯದಂತೆ ಇರಲೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಗಿರಿಜಮ್ಮ

ಅಡಕ: ಖಾತೆ ಬದಲಾವಣೆಯ ನೋಟಿಸು ಮತ್ತು ಪಹಣಿಗಳ ಜೆರಾಕ್ಸ್