ಲಿಫ್ಟ್ ವಾರ್ಷಿಕ ನಿರ್ವಹಣಾ ಒಪ್ಪಂದ ಕೊನೆಗೊಳಿಸುವ ನೋಟಿಸ್

ದಿನಾಂಕ: 30 ಸೆಪ್ಟೆಂಬರ್ 2025
ರಿಜಿಸ್ಟರ್ಡ್ ಅಂಚೆ ಮತ್ತು ಇ-ಮೇಲ್ ಮೂಲಕ

ಇವರಿಂದ:
ಕಾರ್ಯದರ್ಶಿ, ಅಪಾರ್ಟ್‌ಮೆಂಟ್ ಮಾಲೀಕರ ಸಂಘ

ಇವರಿಗೆ:
ಶಾಖಾ ವ್ಯವಸ್ಥಾಪಕರು, ಲಿಫ್ಟ್ ಸರ್ವಿಸ್ ವಿಭಾಗ

ವಿಷಯ: ಎ ಮತ್ತು ಬಿ ಲಿಫ್ಟ್‌ಗಳ ಎಎಂಸಿ (1 ಏಪ್ರಿಲ್ 2025ರಿಂದ 31 ಮಾರ್ಚ್ 2026) ರದ್ದು ಮಾಡುವುದು ಮತ್ತು ಮುಂಗಡ ಹಣ ವಾಪಸ್ ಕೊಡುವುದು

ಮಾನ್ಯರೇ,

ನಮ್ಮ ಎರಡು ಲಿಫ್ಟ್‌ಗಳ ಎಎಂಸಿಯನ್ನು ಕೊನೆಗೊಳಿಸಲು ಸಂಘದ ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಒಪ್ಪಂದದ ಕಲಂ 11ರಂತೆ ಇದು 30 ದಿನಗಳ ನೋಟಿಸ್. 31 ಅಕ್ಟೋಬರ್ 2025ರ ರಾತ್ರಿ 12ಕ್ಕೆ ಒಪ್ಪಂದ ಮುಗಿಯುತ್ತದೆ.

ಕಾರಣ ನಿಮಗೆ ಹೊಸದೇನಲ್ಲ. ಬಿ ಲಿಫ್ಟ್ ಎರಡನೇ ಮಹಡಿಯಲ್ಲಿ ನೆಲದ ಮಟ್ಟಕ್ಕೆ ನಿಲ್ಲುತ್ತಿಲ್ಲ, ಸುಮಾರು ಎರಡು ಇಂಚು ಕೆಳಗೇ ನಿಲ್ಲುತ್ತಿದೆ. ಮೇ 12, ಜೂನ್ 20 ಮತ್ತು ಆಗಸ್ಟ್ 4ರಂದು ಇದರ ಬಗ್ಗೆ ಮೇಲ್ ಮಾಡಿದ್ದೇವೆ. ಬ್ರೇಕ್ ಲೈನರ್ ಸವೆದಿದೆ, ಬದಲಿಸಬೇಕು ಎಂದು ನಿಮ್ಮ ಮೆಕ್ಯಾನಿಕ್ ಮೇ ತಿಂಗಳಲ್ಲೇ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿದ್ದಾರೆ. ಲೈನರ್ ನಮ್ಮ ಒಪ್ಪಂದದಲ್ಲಿ ಸೇರಿರುವ ಬಿಡಿಭಾಗ. ಆದರೂ "ಸ್ಟಾಕ್ ಇಲ್ಲ" ಎಂಬ ಉತ್ತರ ಬಿಟ್ಟು ಬೇರೇನೂ ಬಂದಿಲ್ಲ. ಬ್ರೇಕ್‌ನ ವಿಷಯದಲ್ಲಿ ಇಷ್ಟು ತಿಂಗಳು ಕಾಯಿಸೋದು ಸರಿನಾ?

ಕರೆಂಟ್ ಹೋದಾಗ ಲಿಫ್ಟ್ ಅನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಸಾಧನದ ಕಥೆ ಇನ್ನೂ ಬೇಸರದ್ದು. ಅದರ ಬ್ಯಾಟರಿ ಎಎಂಸಿಗೆ ಸೇರಿಲ್ಲ ಅನ್ನೋದು ನಮಗೂ ಗೊತ್ತು. ಅದಕ್ಕೇ ನಿಮ್ಮ ಕೊಟೇಶನ್‌ನಂತೆ ಜುಲೈ 18ರಂದು ರೂ. 8,400 ಪ್ರತ್ಯೇಕವಾಗಿ ಕಟ್ಟಿದ್ದೇವೆ. ಬ್ಯಾಟರಿ ಇವತ್ತಿಗೂ ಬಂದಿಲ್ಲ. ಸೆಪ್ಟೆಂಬರ್ 9ರ ರಾತ್ರಿ ಕರೆಂಟ್ ಹೋದಾಗ ಎ ಲಿಫ್ಟ್ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತು. ಒಳಗೆ ವಯಸ್ಸಾದವರೊಬ್ಬರು, ಒಂದು ಮಗು. 8:10ಕ್ಕೆ ನಿಮಗೆ ಫೋನ್ ಮಾಡಿದೆವು, ಮೆಕ್ಯಾನಿಕ್ ಬಂದಿದ್ದು 9:50ಕ್ಕೆ. ಜನ ಸಿಕ್ಕಿಹಾಕಿಕೊಂಡಾಗ 30 ನಿಮಿಷದಲ್ಲಿ ಬರಬೇಕು ಎಂದು ಒಪ್ಪಂದದಲ್ಲಿದೆ.

ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಮಾಸಿಕ ಸರ್ವಿಸ್ ಆಗಿಲ್ಲ. ಬರುತ್ತಿದ್ದ ಮೆಕ್ಯಾನಿಕ್ ಬಗ್ಗೆ ನಮ್ಮ ದೂರಿಲ್ಲ, ಅವರು ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಒಬ್ಬರಿಗೇ ಜಾಸ್ತಿ ಸೈಟ್ ಹಂಚಿರುವುದು ನಿಮ್ಮ ಕಚೇರಿ.

ಇನ್ನು ಹಣದ ಲೆಕ್ಕ. ಏಪ್ರಿಲ್‌ನಲ್ಲಿ ಇಡೀ ವರ್ಷಕ್ಕೆ ರೂ. 72,000, ಅದರ ಮೇಲೆ ಜಿಎಸ್‌ಟಿ ರೂ. 12,960, ಒಟ್ಟು ರೂ. 84,960 ಮುಂಗಡ ಕೊಟ್ಟಿದ್ದೇವೆ. ಅಂದರೆ ತಿಂಗಳಿಗೆ ರೂ. 7,080. ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ತಿಂಗಳಿಗೆ ರೂ. 35,400 ವಾಪಸ್ ಬರಬೇಕು. ಸರ್ವಿಸ್ ಆಗದ ಮೂರು ತಿಂಗಳಿಗೆ ರೂ. 21,240 ಆಗುತ್ತದೆ. ಆದರೆ ಆಗಲೂ ಬ್ರೇಕ್‌ಡೌನ್ ಕರೆಗಳಿಗೆ ನೀವು ಬಂದಿದ್ದೀರಿ, ಪೂರ್ತಿ ಕೇಳುವುದು ನ್ಯಾಯವಲ್ಲ. ಅದರಲ್ಲಿ ಅರ್ಧ, ರೂ. 10,620 ಸಾಕು. ಬ್ಯಾಟರಿಯ ರೂ. 8,400 ಸೇರಿ ಒಟ್ಟು ರೂ. 54,420.

ಈ ಮೊತ್ತವನ್ನು ಹಣ ಬಂದ ಸಂಘದ ಬ್ಯಾಂಕ್ ಖಾತೆಗೇ 15 ನವೆಂಬರ್ 2025ರ ಒಳಗೆ ಹಾಕಿ, ಕ್ರೆಡಿಟ್ ನೋಟ್ ಕಳಿಸಿಕೊಡಿ. ಮುಂದಿನ ಬಿಲ್‌ಗೆ ಹೊಂದಿಸುವುದು ಬೇಡ, ಮುಂದಿನ ಬಿಲ್ ಇರುವುದಿಲ್ಲ. ಲೆಕ್ಕದಲ್ಲಿ ತಕರಾರಿದ್ದರೆ ಈ ಪತ್ರ ತಲುಪಿದ ಏಳು ದಿನದಲ್ಲಿ, ದಾಖಲೆ ಸಮೇತ ಬರೆದು ತಿಳಿಸಿ. ಬಾಯಿಮಾತಿನ ಉತ್ತರ ಸಮಿತಿಯ ಮುಂದೆ ಇಡಲು ಆಗುವುದಿಲ್ಲ.

ಅಕ್ಟೋಬರ್ 31ರವರೆಗೆ ಸರ್ವಿಸ್ ಮತ್ತು ತುರ್ತು ಕರೆಗಳ ಜವಾಬ್ದಾರಿ ನಿಮ್ಮದೇ. ಬಿ ಲಿಫ್ಟ್ ಬ್ರೇಕ್ ಲೈನರ್ ಅನ್ನೂ ಅಷ್ಟರೊಳಗೆ ಬದಲಿಸಲೇಬೇಕು. ಅದು ಆಗುವವರೆಗೆ ಬಿ ಲಿಫ್ಟ್ ಅನ್ನು ನಾವೇ ನಿಲ್ಲಿಸಿದ್ದೇವೆ. ಹಣ ಕೊಡಬೇಕಾದ ಯಾವ ಹೊಸ ಕೆಲಸವನ್ನೂ ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಮಾಡಬೇಡಿ.

ಅಕ್ಟೋಬರ್ 30ರ ಬೆಳಿಗ್ಗೆ 11ಕ್ಕೆ ಜಂಟಿ ತಪಾಸಣೆ ಇಟ್ಟುಕೊಳ್ಳೋಣ. ನವೆಂಬರ್ 1ರಿಂದ ಬರುವ ಹೊಸ ಸಂಸ್ಥೆಯವರೂ ಇರುತ್ತಾರೆ. ಆ ದಿನ ಮೆಷಿನ್ ರೂಮ್ ಕೀ, ಲ್ಯಾಂಡಿಂಗ್ ಬಾಗಿಲಿನ ತುರ್ತು ಕೀ, ವೈರಿಂಗ್ ನಕ್ಷೆ, ರಿಪೇರಿಗೆಂದು ಮಾರ್ಚ್‌ನಲ್ಲಿ ಒಯ್ದ ಎ ಲಿಫ್ಟ್‌ನ ಕಂಟ್ರೋಲರ್ ಕಾರ್ಡ್ ಎಲ್ಲವನ್ನೂ ನಮಗೆ ಒಪ್ಪಿಸಿ ಸಹಿ ಪಡೆಯಿರಿ. ಕಂಟ್ರೋಲರ್‌ಗೆ ಪಾಸ್‌ವರ್ಡ್ ಹಾಕಿದ್ದರೆ ತೆಗೆದುಕೊಡಿ ಅಥವಾ ಬರೆದುಕೊಡಿ. ಲಿಫ್ಟ್ ನಮ್ಮದು, ಅದರ ಬೀಗ ನಿಮ್ಮ ಹತ್ತಿರ ಉಳಿಯೋದು ಬೇಡ ಅಲ್ವಾ?

ಪತ್ರ ತಲುಪಿದ್ದಕ್ಕೆ ಇ-ಮೇಲ್‌ನಲ್ಲಿ ಸ್ವೀಕೃತಿ ಕಳಿಸಿ.

ಇಂತಿ,
ಕಾರ್ಯದರ್ಶಿ
ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಪರವಾಗಿ

ಲಗತ್ತು: ಒಪ್ಪಂದದ ಪ್ರತಿ, ಎರಡು ಪಾವತಿ ರಸೀದಿಗಳು, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲಾಗ್‌ಬುಕ್ ಪುಟಗಳು, ಮೂರು ದೂರು ಮೇಲ್‌ಗಳು, ಸಮಿತಿ ನಿರ್ಣಯದ ಪ್ರತಿ.